ಸಂತೆಬೀದಿ ಯಾಕೆ ತಡವರಿಸಿತು

ನಮ್ಮತ್ತಿಗೆಯ ಮುಂದೆ ‘ಇರಬಹುದು’ ಅಂತ ಮಾತ್ರ ಅನ್ನಬಾರದು. ಫ್ಯಾನ್ ಕಿರುಗುಟ್ಟಿದಾಗ ‘ಬೇರಿಂಗ್ ಹೋಗಿರಬಹುದು’ ಅಂದಿರೋ, ‘ನೋಡಿದ್ಯಾ?’ ಅಂತ ಒಂದೇ ಪ್ರಶ್ನೆ. ಇಲ್ಲ ಅಂದರೆ ಬಾಯಿ ಮಾಡುವುದಿಲ್ಲ, ಸ್ಟೂಲು ತಂದು ಮುಂದಿಡುತ್ತಾರೆ. ನಾನು ಆ ಸ್ಟೂಲು ಹತ್ತಿ ಹತ್ತಿಯೇ ದೊಡ್ಡವನಾದವನು.

ನಾವಿಬ್ಬರೂ ಒಂದೇ ಕಡೆ ಕೆಲಸ ಮಾಡುತ್ತೇವೆ. ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿ, ಮೆಟ್ಟಿಲಿನಿಂದಲೇ ಮೂಗಿಗೆ ಹತ್ತುವ ವಾರ್ನಿಷ್ ವಾಸನೆ, ಒಳಗೆ ಹತ್ತು ಜನ ಕೂತು ಮಾಡುವ ಒಂದು ವಿಡಿಯೋ ಗೇಮ್. ನನ್ನ ಕೆಲಸ ಆಟ ಆಡಿ ತಪ್ಪು ಹುಡುಕುವುದು. ಇದಕ್ಕೆ ಸಂಬಳವಾ ಅಂತ ಕೇಳದ ನೆಂಟರಿಲ್ಲ. ಅತ್ತಿಗೆಯ ಕೆಲಸ ಆಟ ಎಲ್ಲೂ ತಡವರಿಸದ ಹಾಗೆ ನೋಡಿಕೊಳ್ಳುವುದು. ನಮ್ಮಣ್ಣನೂ ಅಲ್ಲೇ ಇದ್ದ. ಆಟದೊಳಗಿನ ಗೊಂಬೆಗಳಿಗೆ ನಡೆಯಲು ಕಲಿಸುವ ಕೆಲಸ ಅವನದು. ಈಗ ಅವನಿಲ್ಲ.

ಅಣ್ಣ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಬೀದಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತಾ, ಎಡಗಾಲಿನ ಹಿಮ್ಮಡಿ ಸ್ವಲ್ಪ ಎಳೆಯುತ್ತಾ, ಜಾರುವ ಬ್ಯಾಗನ್ನು ಹೆಗಲಿಗೆ ಏರಿಸಿಕೊಳ್ಳುತ್ತಾ ಬರುವಷ್ಟರಲ್ಲಿ ಸಾರು ಆರಿರುತ್ತಿತ್ತು. ಅತ್ತಿಗೆ ಅವನಿಗೆ ‘ತಡರಾಯ’ ಅಂತ ಹೆಸರಿಟ್ಟಿದ್ದರು. ಒಂದು ಬೆಳಿಗ್ಗೆ ಅವನು ಅತ್ತಿಗೆ ಹೋದ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೊರಟ. ಆಫೀಸಿಗೆ ಬರಲಿಲ್ಲ. ಮಧ್ಯಾಹ್ನವಾದರೂ ಬರಲಿಲ್ಲ. ಅತ್ತಿಗೆ ಫೋನ್ ಮಾಡಿ, ಎತ್ತದಿದ್ದಾಗ ‘ತಡರಾಯರೇ, ಇವತ್ತು ಯಾರ ಕಥೆ ಕೇಳ್ತಾ ನಿಂತಿದೀರಿ? ಬೇಗ ಬನ್ನಿ’ ಅಂತ ವಾಯ್ಸ್ ಮೆಸೇಜ್ ಕಳಿಸಿದರು. ಆಮೇಲೆ ಆಸ್ಪತ್ರೆಯಿಂದ ಕರೆ ಬಂತು. ಬಸ್ಸಿನ ಸೀಟಿನಲ್ಲೇ ಎದೆಬಡಿತ ನಿಂತುಹೋಗಿತ್ತು.

ಅವನು ಮಾಡಿಟ್ಟ ಕೊನೆಯ ಕೆಲಸ ಆಟದ ಸಂತೆಬೀದಿ. ಅಲ್ಲಿ ಮುನ್ನೂರು ಜನ ಓಡಾಡುತ್ತಾರೆ. ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು ನಿಜವಾದ ಜನರನ್ನು ನೋಡಿ ನೋಡಿ ಒಬ್ಬೊಬ್ಬರಿಗೂ ಒಂದೊಂದು ನಡಿಗೆ ಕೊಟ್ಟಿದ್ದ. ಕೆಮ್ಮಲು ನಿಲ್ಲುವವನು, ಕೊಡೆಯನ್ನು ಕೋಲಿನ ಹಾಗೆ ಊರುವವನು, ಯಾರದೋ ಮೇಲಿನ ಸಿಟ್ಟನ್ನು ಚಪ್ಪಲಿಯಲ್ಲಿ ತೋರಿಸುತ್ತಾ ಹೋಗುವ ಹೆಂಗಸು. ಅವರ ನಡುವೆ ತಮಾಷೆಗೆ ತನ್ನನ್ನೂ ಸೇರಿಸಿದ್ದ. ಅದೇ ಬ್ಯಾಗು, ಅದೇ ಹಿಮ್ಮಡಿ. ಆ ಗೊಂಬೆ ಹತ್ತಿರ ಬಂದರೆ ಬೀದಿಯವರೆಲ್ಲ ಕತ್ತು ತಿರುಗಿಸಿ ಕೈ ಎತ್ತುತ್ತಿದ್ದರು. ಅತ್ತಿಗೆಯ ಹುಟ್ಟುಹಬ್ಬಕ್ಕೆ ಗುಟ್ಟಾಗಿ ಮಾಡಿದ್ದು ಅದು. ನಾನು ಆಡುವಾಗ ಬೇಕಂತಲೇ ಹೋಗಿ ಅದಕ್ಕೆ ಗುದ್ದುತ್ತಿದ್ದೆ. ಪಕ್ಕದ ಕುರ್ಚಿಯಿಂದ ‘ಲೋ, ಸ್ವಂತ ಅಣ್ಣನಿಗೆ ಗುದ್ದುತೀಯಲ್ಲೋ!’ ಅಂತ ನಗುತ್ತಿದ್ದ.

ಈಗ ಆ ಬೀದಿಗೇ ಕುತ್ತು ಬಂದಿತ್ತು.

ಆಟ ಸರಾಗವಾಗಿ ಓಡಬೇಕಾದರೆ ಸೆಕೆಂಡಿಗೆ ಅರವತ್ತು ಚಿತ್ರ ಪರದೆಯ ಮೇಲೆ ಬೀಳಬೇಕು. ಒಂದೊಂದು ಚಿತ್ರಕ್ಕೆ, ಅಂದರೆ ಒಂದು ಫ್ರೇಮಿಗೆ, ಹದಿನಾರು ಮಿಲಿಸೆಕೆಂಡು ಚಿಲ್ಲರೆ ಸಿಗುತ್ತದೆ. ಬೇರೆಲ್ಲ ಕಡೆ ಸರಿ ಇತ್ತು. ಸಂತೆಬೀದಿಗೆ ಕಾಲಿಟ್ಟರೆ ಇಪ್ಪತ್ತೆರಡಕ್ಕೆ ಇಳಿದು, ಆಟ ಕುಂಟುತ್ತಿತ್ತು. ಇದನ್ನು ಮಾರುವ ಕಂಪನಿಯವರಿಗೆ ಸೋಮವಾರ ಆಟ ತೋರಿಸಬೇಕಿತ್ತು.

ಗುರುವಾರ ಬಾಸ್ ಎಲ್ಲರನ್ನೂ ಕರೆದರು. ಒಳ್ಳೆಯ ಮನುಷ್ಯ, ಆದರೆ ಅವಸರದ ಮನುಷ್ಯ.

“ಅರ್ಧ ಜನರನ್ನ ತೆಗೆದು ನೋಡ್ದೆ. ಬೀದಿ ಚೆನ್ನಾಗಿ ಓಡುತ್ತೆ. ಜನ ಭಾರ ಆಗಿದಾರೆ, ಅಷ್ಟೇ. ಅರ್ಧ ತೆಗೆದುಬಿಡೋಣ.”

“ಯಾವ ಅರ್ಧ, ಸರ್?” ಅಂದರು ಅತ್ತಿಗೆ.

ಗೊಂಬೆಗಳಿಗೆ ಬಟ್ಟೆ ಹೊಲಿಯುವ ಹುಡುಗಿ, ನಾವು ‘ದರ್ಜಿ’ ಅನ್ನುವವಳು, ತಾನೇ ಕಳ್ಳಿಯ ಹಾಗೆ ತಲೆ ತಗ್ಗಿಸಿದಳು. “ನಾನು ಹೊಸ ಬಟ್ಟೆ ಹಾಕಿದ ವಾರದಿಂದಲೇ ಹೀಗಾಗಿದ್ದು. ಮಡಿಕೆ ಜಾಸ್ತಿ ಕೊಟ್ಟೆ ಅನ್ಸುತ್ತೆ.”

“ಅನ್ಸುತ್ತೆ ಅನ್ನಬೇಡ ಮಾರಾಯ್ತಿ,” ಅತ್ತಿಗೆ ಎದ್ದರು. “ಸರ್, ನಾಳೆ ಸಂಜೆವರೆಗೆ ಟೈಮ್ ಕೊಡಿ. ಭಾರ ಆಗಿರೋದು ಜನರೇ ಅಂತ ಕಂಡ್ರೆ ನಾನೇ ತೆಗೀತೀನಿ.”

ಮರುದಿನ ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಆಟ ತಯಾರಿಸುವ ಕಂಪ್ಯೂಟರಿನಲ್ಲಿ ಅಳೆಯಲಿಲ್ಲ. ಜನ ಮನೆಯಲ್ಲಿ ಯಾವ ಯಂತ್ರದಲ್ಲಿ ಆಡುತ್ತಾರೋ ಅದಕ್ಕೇ ಆಟ ಹಾಕಿ, ತಂತಿ ಜೋಡಿಸಿ, ಪ್ರೊಫೈಲರ್ ತೆರೆದರು. ಒಂದು ಫ್ರೇಮ್ ತಯಾರಾಗುವಾಗ ಯಾವ ಕೆಲಸ ಎಷ್ಟು ಹೊತ್ತು ತಿಂದಿತು ಅಂತ ಬಣ್ಣದ ಪಟ್ಟಿಗಳಲ್ಲಿ ತೋರಿಸುವ ಸಾಧನ ಅದು. ನಾನು ಸಂತೆಬೀದಿಯಲ್ಲಿ ನಡೆಯುತ್ತಾ ಹೋದೆ. ಅವರು ಕುಂಟಿದ ಒಂದು ಫ್ರೇಮನ್ನು ಹಿಡಿದು ನಿಲ್ಲಿಸಿದರು.

“ನೋಡು, ನಲವತ್ತೈದು ಮಿಲಿಸೆಕೆಂಡು. ಈಗ ಕೆಳಗೆ ನೋಡು. ಚಿತ್ರ ಬಿಡಿಸೋ ಚಿಪ್ ಒಂಬತ್ತರಲ್ಲಿ ಕೆಲಸ ಮುಗ್ಸಿ ಕೈಕಟ್ಟಿ ಕೂತಿದೆ.”

“ಅಂದ್ರೆ ಬಟ್ಟೆ ಅಲ್ಲ?”

“ಇನ್ನೊಂದ್ಸಲ ಕೇಳೋಣ.” ಪರದೆಯ ಚಿತ್ರವನ್ನು ಮಸುಕಾಗುವಷ್ಟು ಚಿಕ್ಕದು ಮಾಡಿದರು. ಬಿಡಿಸುವ ಕೆಲಸ ಅಷ್ಟು ಇಳಿದರೂ ಆಟ ಅದೇ ಇಪ್ಪತ್ತೆರಡರಲ್ಲೇ ಕುಂಟಿತು. ಜನರನ್ನು ಕಣ್ಣಿಗೆ ಕಾಣದ ಹಾಗೆ ಮಾಡಿ, ಅವರ ಓಡಾಟ ಮಾತ್ರ ಉಳಿಸಿದರು. ಖಾಲಿ ಬೀದಿ, ಆಗಲೂ ಕುಂಟಿತು.

“ದರ್ಜೀ, ಬಾ ಇಲ್ಲಿ. ನಿನ್ನ ಮಡಿಕೆಗೆ ಬಿಡುಗಡೆ ಆಯ್ತು,” ಅಂತ ಕೂಗಿದರು. ಅವಳು ಕುರ್ಚಿ ಎಳೆದುಕೊಂಡು ನಮ್ಮ ಪಕ್ಕ ಬಂದು ಕೂತಳು.

ಹಾಗಾದರೆ ಹೊತ್ತು ತಿನ್ನುತ್ತಿದ್ದವರು ಯಾರು? ಆಟದ ಲೆಕ್ಕಾಚಾರವೆಲ್ಲ ನಡೆಯುವ ಮುಖ್ಯ ಪಟ್ಟಿಯನ್ನು ಅತ್ತಿಗೆ ಬಿಡಿಸುತ್ತಾ ಹೋದರು. ನಡಿಗೆಗಳಿಗೆ ನಾಲ್ಕು ಮಿಲಿಸೆಕೆಂಡು.

“ಅವರು ಕೊಟ್ಟ ನಡಿಗೆ ಹಗುರವಾಗೇ ಇದೆ,” ಅಂದರು. ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು.

ಅದರ ಪಕ್ಕದ ಪಟ್ಟಿ ಮೂವತ್ತಮೂರು. ಬೀದಿಯ ಒಬ್ಬೊಬ್ಬರಿಗೂ ಅಂಟಿಸಿದ್ದ ಒಂದು ಪುಟ್ಟ ಸ್ಕ್ರಿಪ್ಟ್, ಅಂದರೆ ಯಾವಾಗ ಏನು ಮಾಡಬೇಕು ಅಂತ ಬರೆದ ನಾಲ್ಕು ಸಾಲು, ಒಂದೇ ಫ್ರೇಮಿನಲ್ಲಿ ಮುನ್ನೂರು ಸಲ ಓಡುತ್ತಿತ್ತು. ಹೆಸರು ‘ಮಾತಾಡಿಸು’. ಬರೆದವನು ಅಣ್ಣ.

ಅತ್ತಿಗೆಯ ಕೈ ಮೌಸಿನ ಮೇಲೇ ನಿಂತಿತು. “ಇದನ್ನ ನನಗೆ ತೋರಿಸೇ ಇರ್ಲಿಲ್ಲ.”

“ಹುಟ್ಟುಹಬ್ಬಕ್ಕೆ ಅಂತ ಬಚ್ಚಿಟ್ಟಿದ್ದ, ಅತ್ತಿಗೆ.”

ಒಳಗೆ ಮೂರು ಕೆಲಸ ಇದ್ದವು. ಯಾವುದು ತಿನ್ನುತ್ತಿದೆ ಅಂತ ಊಹಿಸಲಿಲ್ಲ. ಒಂದೊಂದರ ಸುತ್ತಲೂ ಗುರುತು ಹಾಕಿ ಮತ್ತೆ ಅಳೆದರು. ಕತ್ತು ತಿರುಗಿಸುವುದಕ್ಕೆ ಏನೂ ಇಲ್ಲ. ಕೈ ಎತ್ತುವುದಕ್ಕೆ ಏನೂ ಇಲ್ಲ. ಇಡೀ ಪಟ್ಟಿ ಮೊದಲ ಸಾಲಿನ ಮೇಲೆ ಬಿದ್ದಿತ್ತು. ಆ ಸಾಲು, ಬೀದಿಯಲ್ಲಿರುವ ಅಷ್ಟೂ ವಸ್ತುಗಳ ನಡುವೆ ‘ತಡರಾಯ’ ಅನ್ನುವ ಹೆಸರಿನ ಗೊಂಬೆ ಎಲ್ಲಿದೆ ಅಂತ ಹುಡುಕುತ್ತಿತ್ತು.

ಅಣ್ಣ ಬರೆದದ್ದು ಇಷ್ಟೇ: ಅವನು ಸಿಕ್ಕರೆ ನೆನಪಿಟ್ಟುಕೋ, ಮತ್ತೆ ಹುಡುಕಬೇಡ. ಸಿಗದಿದ್ದರೆ ಮುಂದಿನ ಫ್ರೇಮಿನಲ್ಲಿ ಹುಡುಕು. ಗೊಂಬೆ ಇದ್ದಷ್ಟು ದಿನ ಎಲ್ಲರೂ ಮೊದಲ ಸಲಕ್ಕೇ ಕಂಡುಕೊಂಡು ಸುಮ್ಮನಾಗುತ್ತಿದ್ದರು. ಅವನಿಲ್ಲದ ದಿನ ಬರುತ್ತದೆ ಅಂತ ಅಣ್ಣನಿಗೆ ಹೊಳೆದಿರಲಿಲ್ಲ.

ಗೊಂಬೆಯನ್ನು ತೆಗೆಸಿದ್ದು ಅತ್ತಿಗೆಯೇ. ಅಣ್ಣ ಹೋದ ಮೇಲೆ, ತಾನಾಗಿ ಓಡುವ ಒಂದು ಪರೀಕ್ಷೆ ಬೀದಿಯ ಒಬ್ಬೊಬ್ಬರಿಗೂ ಡಿಕ್ಕಿ ಹೊಡೆದು ನೋಡುತ್ತಿತ್ತು. ಅತ್ತಿಗೆ ಅತ್ತ ತಿರುಗಿದ ಹೊತ್ತಿಗೆ ತಡರಾಯನ ಸರದಿ. ಗೋಡೆಗೆ ಒತ್ತಿ, ಬಿಟ್ಟು, ಮತ್ತೆ ಒತ್ತುತ್ತಿತ್ತು. ಅವನು ಬ್ಯಾಗು ಏರಿಸಿಕೊಂಡು ಮತ್ತೆ ಎದ್ದು ಬರುತ್ತಿದ್ದ. ‘ಇವರನ್ನ ಇಲ್ಲಿಂದ ತೆಗಿಯೇ’ ಅಂತ ಅತ್ತಿಗೆ ದರ್ಜಿಗೆ ಹೇಳಿದ್ದರು. ಅವಳು ತೆಗೆದಳು. ಅದೇ ವಾರ ಹೊಸ ಬಟ್ಟೆಗಳೂ ಬಂದವು. ಎಲ್ಲರ ಕಣ್ಣೂ ಬಟ್ಟೆಯ ಮೇಲೆ ಬಿತ್ತು. ಅತ್ತಿಗೆ ಆಮೇಲೆ ಆ ಬೀದಿ ತೆರೆದೇ ಇರಲಿಲ್ಲ.

“ಎಂಟು ತಿಂಗಳಿಂದ,” ಅಂದರು ಅತ್ತಿಗೆ, ಪರದೆಯನ್ನೇ ನೋಡುತ್ತಾ. “ಎಲ್ಲರೂ ಹುಡುಕ್ತಾನೇ ಇದಾರೆ. ಅಷ್ಟೂ ಜನ.”

ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಾನು ಕಿಟಕಿಯ ಕಡೆ ನೋಡಿದೆ. ಕೆಳಗೆ ಯಾರೋ ಮಂಚ ಉಜ್ಜುತ್ತಿದ್ದರು.

ದರ್ಜಿಗೆ ತಡೆಯಲಾಗಲಿಲ್ಲ. “ಅಕ್ಕಾ, ಅವರನ್ನ ವಾಪಸ್ ಇಟ್ಟುಬಿಡ್ಲಾ? ಹುಡುಕೋದು ತಾನಾಗೇ ನಿಲ್ಲುತ್ತೆ.”

“ನಿಲ್ಲುತ್ತೆ. ನಾಳೆ ಇನ್ಯಾರೋ ತೆಗೆದ್ರೆ ಮತ್ತೆ ಶುರು ಆಗುತ್ತೆ. ಇದ್ರೂ ಇಲ್ದಿದ್ರೂ ಬೀದಿ ನಡೀಬೇಕು.” ಅತ್ತಿಗೆ ಸಾಲು ತಿದ್ದಿದರು. ಬೀದಿ ತೆರೆದುಕೊಳ್ಳುವಾಗ ಎಲ್ಲರ ಪರವಾಗಿ ಒಂದೇ ಸಲ ಹುಡುಕು, ಇಲ್ಲವಾದರೆ ಇಲ್ಲ ಅಂತ ಬರೆದುಕೋ, ಮತ್ತೆ ಕೇಳಬೇಡ. ಅಳೆದರು. ಹನ್ನೆರಡು ಮಿಲಿಸೆಕೆಂಡು. ಮುನ್ನೂರು ಜನರ ನಡುವೆ ಆಟ ನೀರಿನ ಹಾಗೆ ಹರಿಯಿತು.

ಆದರೆ ಗೊಂಬೆ ಇರುವಾಗಲೂ ಸರಿಯಾಗಿ ಓಡುತ್ತದಾ ಅಂತ ನೋಡಬೇಕಲ್ಲ. ಅತ್ತಿಗೆ ಎದ್ದರು.

“ಅದು ನಿನ್ನ ಕೆಲಸ ಕಣೋ. ನಾನು ಮೆಟ್ಟಿಲ ಹತ್ರ ಇರ್ತೀನಿ.”

ದರ್ಜಿ ಅವನನ್ನು ಬೀದಿಯ ತಿರುವಿನಲ್ಲಿಟ್ಟಳು. ನಾನು ಆಟ ಶುರುಮಾಡಿದೆ. ಬಂದ. ಬ್ಯಾಗು ಏರಿಸಿಕೊಂಡು, ಹಿಮ್ಮಡಿ ಎಳೆದುಕೊಂಡು, ನಿಧಾನಕ್ಕೆ. ಕೆಮ್ಮುವವನು ಕತ್ತು ತಿರುಗಿಸಿದ. ಸಿಟ್ಟಿನ ಹೆಂಗಸು ಚಪ್ಪಲಿ ನಿಲ್ಲಿಸಿ ಕೈ ಎತ್ತಿದಳು. ಪ್ರೊಫೈಲರಿನ ಗೆರೆ ಅಲುಗಲಿಲ್ಲ. ಪರೀಕ್ಷೆ ಅಲ್ಲಿಗೆ ಮುಗಿದಿತ್ತು. ನಾನು ಮಾತ್ರ ಅವನು ಬೀದಿಯ ಆ ತುದಿ ಮುಟ್ಟುವವರೆಗೂ ಹಿಂದೆಯೇ ನಡೆದೆ. ಗುದ್ದಲಿಲ್ಲ.

ಮೆಟ್ಟಿಲಿಗೆ ಹೋದೆ.

“ಬಂದ್ರಾ?” ಅಂದರು, ತಿರುಗದೆ.

“ಬಂದ, ಅತ್ತಿಗೆ.”

“ಎಲ್ರೂ ಮಾತಾಡ್ಸಿದ್ರಾ?”

“ಎಲ್ರೂ.”

ನಾನೂ ವಾರ್ನಿಷ್ ವಾಸನೆಯ ಆ ಮೆಟ್ಟಿಲಲ್ಲೇ ಕೂತೆ. “ತೆಗೆದುಬಿಡು,” ಅಂದರು. “ಆಟ ಆಡೋರು ಸುಮ್ನಿರ್ತಾರಾ? ಗುದ್ದುತಾರೆ, ತಲೆ ಮೇಲೆ ಹತ್ತಿ ಕುಣೀತಾರೆ. ಅವರಿಗೇನು ಗೊತ್ತು, ಪಾಪ. ನೀನು ಗುದ್ದಿದ್ರೆ ಅವರು ನಗ್ತಿದ್ರು, ಅದು ಬೇರೆ.”

ತೆಗೆದೆ. ಬಾಸ್ ಬಂದು ಬೀದಿಯಲ್ಲಿ ಎರಡು ಸುತ್ತು ಹಾಕಿ, “ಒಬ್ರನ್ನೂ ತೆಗೀದೆ ಹೇಗಮ್ಮ?” ಅಂದರು. ಅತ್ತಿಗೆ “ಒಬ್ರಿಲ್ಲ, ಸರ್” ಅಂದರು, ಬ್ಯಾಗು ಎತ್ತಿಕೊಂಡರು. ಸೋಮವಾರಕ್ಕೆ ಹೋಗುವ ಆಟದಲ್ಲಿ ಉಳಿದ ಬೀದಿಯೆಲ್ಲ ಇತ್ತು.

ಬಸ್ ಸ್ಟಾಪಿನಲ್ಲಿ ನಮ್ಮ ಬಸ್ಸು ಬಂತು. ನಾನು ಎದ್ದರೂ ಅತ್ತಿಗೆ ಬೆಂಚಿನಿಂದ ಏಳಲಿಲ್ಲ. “ಮುಂದಿನದಕ್ಕೆ ಹೋಗೋಣ. ಕೂತ್ಕೋ,” ಅಂದರು. ಎದುರು ಬದಿಯಲ್ಲಿ ಒಬ್ಬ ಮುದುಕರು ಕೊಡೆ ಊರಿಕೊಂಡು ಹೋಗುತ್ತಿದ್ದರು. ಮಳೆಯಿಲ್ಲ, ಬಿಸಿಲಿಲ್ಲ.

“ಏಯ್, ಇವರೇ ಅಲ್ವೇನೋ?” ಅತ್ತಿಗೆ ನನ್ನ ತೋಳು ಹಿಡಿದರು. “ಸಂತೆಬೀದೀಲಿ ಹಣ್ಣಿನ ಅಂಗಡಿ ಹತ್ರ ನಡೀತಾರಲ್ಲ.”

ಅವರೇ. ಕೊಡೆ ಮೊದಲು, ಆಮೇಲೆ ಬಲಗಾಲು, ಆಮೇಲೆ ಒಂದು ಚೂರು ಯೋಚನೆ. ಅಣ್ಣ ಒಂದು ಹೆಜ್ಜೆಯನ್ನೂ ಬಿಟ್ಟಿರಲಿಲ್ಲ. ಅವರು ತಿರುವಿನಲ್ಲಿ ಮರೆಯಾಗುವವರೆಗೂ ಅತ್ತಿಗೆ ನನ್ನ ತೋಳು ಬಿಡಲಿಲ್ಲ.