ನುಂಗೋದಲ್ಲ, ಇಡೋದು

ಕೊಂಡಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ನಾನು ಅಲ್ಲಿನ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಕಂಪನಿಯ ಹುಡುಗರಾಗಲಿ ಗಾರೆ ಕೆಲಸದವರಾಗಲಿ, ‘ಆ’ ಗುಳಿಗೆ ಬೇಕಾದಾಗ ನನ್ನನ್ನು ದಾಟಿ ಮಾಲೀಕರ ಹತ್ತಿರ ಹೋಗುತ್ತಿದ್ದರು. ಹೆಂಗಸಿನ ಮುಂದೆ ಕೇಳುವುದು ಹೇಗೆಂಬ ಸಂಕೋಚ. ಆದರೆ ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಔಷಧಿ ಕಪಾಟಿನ ಬೀಗದಕೈ ನನ್ನ ಹತ್ತಿರ ಇತ್ತು.

ಒಂದು ಶುಕ್ರವಾರ ಮಧ್ಯಾಹ್ನ ಐವತ್ತು ದಾಟಿದ ಮೇಸ್ತ್ರಿಯೊಬ್ಬರು ಬಂದರು. ಮೊಣಕೈವರೆಗೆ ಸಿಮೆಂಟು. ಮಾಲೀಕರ ಕಿವಿಯಲ್ಲಿ ಹಿಂದಿಯಲ್ಲಿ ‘ತಾಕತ್ ಗೋಲಿ’ ಎಂದರು. ಮಾಲೀಕರು ನನ್ನತ್ತ ತಿರುಗಿ, ತೆಲುಗಿನಲ್ಲಿ “ಇಚ್ಚೇಯಂಡಿ ಮೇಡಂ” ಎಂದು ಮತ್ತೆ ಪೇಪರಿಗೆ ಮುಖ ಹಾಕಿದರು. ಕೊಟ್ಟುಬಿಡಿ ಎಂದಷ್ಟೇ ಅವರ ಮಾತು.

ನಾನು ಕೊಡಲಿಲ್ಲ. ಮೇಸ್ತ್ರಿಯ ಹಿಂದಿಯಲ್ಲಿ ನಮ್ಮ ಕಡೆಯ ಎಳೆತ ಕೇಳಿಸಿತ್ತು. “ಯಾವೂರು ಯಜಮಾನ್ರ? ಡಾಕ್ಟರ್ ಚೀಟಿ ಐತೇನು?” ಎಂದು ಕನ್ನಡದಲ್ಲೇ ಕೇಳಿದೆ.

ಅವರ ಮುಖ ಇಳಿಯಿತು. “ಯಾದಗಿರಿ ಕಡ್ಯಾವ್ರಿ. ಚೀಟಿ ಇಲ್ರಿ ಅಕ್ಕಾರ. ನಾಲ್ಕು ಕೊಟ್ರ ಸಾಕು.”

ಚೀಟಿ ಇಲ್ಲ, ಗುಳಿಗೆ ಇಲ್ಲ ಎಂದು ಕಳಿಸಿದ್ದರೆ ನನ್ನ ಕೈ ಶುದ್ಧವಾಗಿರುತ್ತಿತ್ತು. ಪಕ್ಕದ ಅಂಗಡಿಯವನು ಏನೂ ಕೇಳದೆ ಕೊಡುತ್ತಿದ್ದ. ಅಂಥ ಶುದ್ಧಿ ನನಗೆ ಬೇಕಿರಲಿಲ್ಲ. ಕೌಂಟರಿನ ಕೊನೆಗೆ ಕರೆದು ದನಿ ತಗ್ಗಿಸಿ, ಒಂದೊಂದೇ ಪ್ರಶ್ನೆ ಕೇಳತೊಡಗಿದೆ.

“ಬಿ.ಪಿ. ಐತೇನು? ಸಕ್ರಿ ಕಾಯಿಲೆ?”

“ನೋಡ್ಸಿಲ್ರಿ.”

“ದಿನಾ ಯಾವ್ದರ ಗುಳಿಗಿ ನುಂಗ್ತೀರೇನು?”

“ಒಂದೂ ನುಂಗಂಗಿಲ್ರಿ.”

“ಎದಿ ನೋವು ಬರ್ತೈತೇನು?”

“ಈಗ ಅಷ್ಟ್ ಬರಂಗಿಲ್ರಿ.”

ಆ ‘ಅಷ್ಟ್’ ನನ್ನನ್ನು ಹಿಡಿದು ನಿಲ್ಲಿಸಿತು. ಹಿಂದಿನಿಂದ ಮಾಲೀಕರು ಕೆಮ್ಮಿದರು, ನಾನು ಕೇಳಿಸಿಕೊಳ್ಳಲಿಲ್ಲ. “ಬಂದ್ರ ಏನ್ ಮಾಡ್ತೀರಿ?”

“ಊರಿನ ಡಾಕ್ಟರ್ ಕೊಟ್ಟಿದ್ದು ಐತ್ರಿ. ನಾಲಿಗಿ ಕೆಳಗ ಇಡ್ತೀನಿ.”

“ಅದೂ ಗುಳಿಗೀನ ಅಲ್ರೀ?”

“ಅದು ನುಂಗೋದಲ್ರಿ. ಇಡೋದು.”

ಅವರು ಸುಳ್ಳು ಹೇಳಿರಲಿಲ್ಲ. ತಪ್ಪು ನನ್ನ ಪ್ರಶ್ನೆಯದು. ಅಂಗಿ ಜೇಬಿನಿಂದ ಅವರು ತೆಗೆದ ಗುಳಿಗೆ ಪಟ್ಟಿ ನಾನು ಹೆದರಿದ್ದೇ ಆಗಿತ್ತು, ಎದೆನೋವಿಗೆ ಕೊಡುವ ನೈಟ್ರೇಟ್. ಅದರ ಜೊತೆಗೇ ಇನ್ನೊಂದು ಬಿಡಿ ಗುಳಿಗೆ ಹೊರಬಂತು, ಸಿಲ್ಡೆನಫಿಲ್, ಅವರು ಕೇಳಿದ ‘ತಾಕತ್ ಗೋಲಿ’ಯೇ. ಗೆಳೆಯ ಕೊಟ್ಟಿದ್ದಂತೆ.

“ಇದನ್ನ ನುಂಗೀರೇನು?”

“ಇನ್ನೂ ಇಲ್ರಿ. ನಾಳೆ ಮನಿಯಾಕಿ ಬರ್ತಾಳ. ಆರು ತಿಂಗಳಾತು ನೋಡಿ.”

“ಇವೆರಡೂ ಕೂಡಿದ್ರ ಬಿ.ಪಿ. ಒಮ್ಮೆಲೆ ಕುಸಿದು ಬೀಳ್ತೈತಿ. ಜೀವ ಹೋಗ್ತೈತ್ರಿ.”

ಅವರು ಪಟ್ಟಿಯನ್ನು ಮತ್ತೆ ಜೇಬಿಗಿಟ್ಟರು. “ಹಂಗಾರ ನಾಳೆ ಒಂದಿನ ಎದಿ ಗುಳಿಗಿ ಬಿಡ್ತೀನಿ.”

“ಅದನ್ನಂತೂ ಬಿಡಬ್ಯಾಡ್ರಿ. ನಾಳೇನ ಎದಿ ನೋವು ಬಂದ್ರ ಏನ್ ಇಡ್ತೀರಿ? ಗಂಡಸ್ತನದ ಈ ತೊಂದ್ರಿ ಎದಿಯಿಂದಾನೂ ಬರ್ತೈತಿ, ಸಕ್ರಿಯಿಂದಾನೂ ಬರ್ತೈತಿ. ನಾಚಿಕೆ ಪಡೋದು ಏನೂ ಇಲ್ಲ. ಮೊದಲು ಹೃದಯದ ಡಾಕ್ಟರ್‌ಗೆ ತೋರ್ಸ್ರಿ, ಇದನ್ನೂ ಬಾಯಿಬಿಟ್ಟು ಹೇಳ್ರಿ. ಎಲ್ಲಿ ಹೋದ್ರೂ ನಾಲಿಗಿ ಕೆಳಗಿನ ಗುಳಿಗಿ ಮರೀದ ಹೇಳ್ರಿ. ಯಾವಾಗರ ತಪ್ಪಿ ಈ ತಾಕತ್ ಗುಳಿಗಿ ನುಂಗಿ ಎದಿ ನೋವು ಬಂದ್ರ, ಅದನ್ನ ಇಡಬ್ಯಾಡ್ರಿ, ಸೀದಾ ದವಾಖಾನಿಗೆ ಹೋಗಿ ನುಂಗಿದ್ದು ಹೇಳ್ರಿ.”

“ಆಕಿಗೆ ಏನಂತ ಹೇಳ್ಲಿ?” ಎಂದರು ಅವರು. ಅದು ನನ್ನನ್ನು ಕೇಳಿದ್ದೋ ತಮ್ಮನ್ನೇ ಕೇಳಿಕೊಂಡಿದ್ದೋ ತಿಳಿಯಲಿಲ್ಲ.

“ಇದ್ದದ್ದು ಇದ್ದಂಗ ಹೇಳ್ರಿ.”

ಬಿಡಿ ಗುಳಿಗೆಯನ್ನು ಕೌಂಟರಿನ ಮೇಲೆ ಬಿಟ್ಟು, ತಿರುಗಿ ನೋಡದೆ ಹೋದರು. ಮಾಲೀಕರು ಪೇಪರ್ ಮಡಚಿ, ಹೆಂಗಸಾಗಿ ಇಂಥವೆಲ್ಲ ಕೇಳುವುದು ಚೆನ್ನಾಗಿರುವುದಿಲ್ಲ, ಗಿರಾಕಿ ಹೆದರಿ ಓಡುತ್ತಾರೆ ಎಂದರು. ನನಗೆ ಪಿತ್ತ ನೆತ್ತಿಗೇರಿತು. “ಕೇಳೋದು ಬೇಡ ಅಂದ್ರೆ ನನ್ನ ಸರ್ಟಿಫಿಕೇಟನ್ನ ಗೋಡೆ ಮೇಲಿಂದ ಇಳಿಸಿ ಕೊಡಿ, ಇವತ್ತೇ ಹೋಗ್ತೀನಿ” ಎಂದೆ. ಅದಿಲ್ಲದೆ ಅಂಗಡಿ ತೆರೆಯುವಂತಿರಲಿಲ್ಲ. ಅವರು ಮತ್ತೆ ಪೇಪರ್ ಬಿಡಿಸಿದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೇಸ್ತ್ರಿ ಪಕ್ಕದ ಅಂಗಡಿಗೆ ಹೋಗಿದ್ದರೆ?

ಸೋಮವಾರ ಅವರು ಬಂದರು, ಜೊತೆಗೆ ಹೆಂಡತಿ. ಕೈಯಲ್ಲಿ ಹೃದಯದ ಡಾಕ್ಟರ ಚೀಟಿ, ಸಕ್ಕರೆ ಪರೀಕ್ಷೆಯ ಕಾಗದ. ಚೀಟಿಯಲ್ಲಿ ‘ಆ’ ಗುಳಿಗೆ ಇರಲಿಲ್ಲ. ಅವರು ನೆಲ ನೋಡುತ್ತ ನಿಂತರು. ನಾನು ಎದೆಯ ಔಷಧಿಗಳನ್ನು ವಿವರಿಸಿ ಕಟ್ಟಿಕೊಟ್ಟೆ.

ಆಕೆ ಮಾಲೀಕರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: “ಎಲ್ಲಾ ಹೇಳ್ಯಾರ್ರಿ ಅಕ್ಕಾರ. ನಾ ಬಂದಿದ್ದು ಇವ್ರನ್ನ ನೋಡಾಕ. ಗುಳಿಗಿ ನೋಡಾಕಲ್ಲ.”