ಆಲೂಗಡ್ಡೆ ವಿಡಿಯೋದ ಮೊದಲ ಅರ್ಧ ನಿಮಿಷ

ನನ್ನ ಮೊಮ್ಮಗಳು ಹಾಸನದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದಳು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು, ಹಳ್ಳಿ ಹಳ್ಳಿಗೂ ಸಿ.ಡಿ. ಬಂದಿತ್ತು. ಮದುವೆ ವಿಡಿಯೋಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವುದು ಅವಳ ಕೆಲಸ. ಧಾರೆಯ ಹೊತ್ತಿಗೆ ಮೇಲಿಂದ ಹೂ ಸುರಿಸುವುದು, ಗಂಡು ಹೆಣ್ಣಿನ ಮುಖವನ್ನು ಹೃದಯದ ಚಿತ್ರದೊಳಗೆ ಕೂರಿಸುವುದು, ಹೀಗೆ. ನೋಡುವವರೆಲ್ಲ ಮನೆಯವರೇ ಆದ್ದರಿಂದ ಎಷ್ಟು ಉದ್ದವಾದರೂ ಯಾರೂ ಎದ್ದು ಹೋಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಬೇರೆ ತರಹದ ಕೆಲಸವೊಂದು ಬಂತು. ಬಿತ್ತನೆ ಆಲೂಗಡ್ಡೆ ಮಾರುವ ಮಂಡಿಯ ಯಜಮಾನರೊಬ್ಬರು, ಗೆಡ್ಡೆಯನ್ನು ಹೇಗೆ ಕತ್ತರಿಸಬೇಕು, ಹೇಗೆ ಔಷಧಿ ಹಚ್ಚಬೇಕು, ಹೇಗೆ ಒಣಗಿಸಬೇಕು ಎಂದು ತಿಳಿಸುವ ಒಂದು ಸಣ್ಣ ವಿಡಿಯೋ ಬೇಕೆಂದರು. ಮಾರುಕಟ್ಟೆಯಲ್ಲಿ ಅವರ ಅಂಗಡಿ ಮುಂದೆ ಟಿ.ವಿ. ಇಟ್ಟು ಹಾಕುವುದಂತೆ. ಮಾತು ಬರೆಯಲು ಯಾರೂ ಇರಲಿಲ್ಲ, ಇವಳು ನಾನು ಬರೀತೀನಿ ಎಂದಳು. ಕೃಷಿ ಇಲಾಖೆಯವರೊಬ್ಬರನ್ನು ಕೇಳಿಕೊಂಡು ಬಂದು ಎಲ್ಲವನ್ನೂ ಬರೆದಳು. ಜಗಳ ಬಂದದ್ದು ಶುರು ಹೇಗೆ ಮಾಡಬೇಕು ಎನ್ನುವುದರಲ್ಲಿ.

ಯಜಮಾನರಿಗೆ ಮೊದಲು ಗಣಪತಿ ಬರಬೇಕು. ಆಮೇಲೆ ಅವರ ತಂದೆಯ ಹಾರ ಹಾಕಿದ ಫೋಟೋ, ಆಮೇಲೆ ಜಿಲ್ಲೆಯ ಶಿಲ್ಪಕಲೆ, ಆಮೇಲೆ ಎಲ್ಲ ರೈತ ಬಾಂಧವರಿಗೆ ಸ್ವಾಗತ. ನಮ್ಮಲ್ಲಿ ಯಾವ ಕಾರ್ಯಕ್ರಮ ತಾನೇ ಪ್ರಾರ್ಥನೆ ಸ್ವಾಗತ ಇಲ್ಲದೆ ಶುರುವಾಗುತ್ತದೆ? ನನಗೂ ಅದೇ ಸರಿ ಎನಿಸಿತು. ಇವಳು ಮಾತ್ರ ಒಪ್ಪಲಿಲ್ಲ. ಸಭೆಯಲ್ಲಿ ಜನ ಕುರ್ಚಿಯಲ್ಲಿ ಕೂತಿರುತ್ತಾರೆ, ಮಾರುಕಟ್ಟೆಯಲ್ಲಿ ನಡೆಯುತ್ತಿರುತ್ತಾರೆ, ಮೊದಲ ಅರ್ಧ ನಿಮಿಷದಲ್ಲಿ ಹಿಡಿಯದಿದ್ದರೆ ಆಮೇಲೆ ಬಂಗಾರ ತೋರಿಸಿದರೂ ನೋಡುವುದಿಲ್ಲ ಎಂದು ವಾದ ಮಾಡಿದಳು. ಕೊನೆಗೆ ಸ್ಟುಡಿಯೋದ ಮಾಲೀಕ ಒಂದು ಮಾತು ಹೇಳಿದನಂತೆ. ನಿನ್ನ ಶುರುವನ್ನೇ ಹಾಕಿ ನೋಡೋಣ. ಗುರುತಿಲ್ಲದ ಜನ ನಿಂತು ನೋಡಿದರೆ ಇನ್ನು ಮುಂದೆ ಇಂಥ ವಿಡಿಯೋ ಬರೆಯುವ ಕೆಲಸ ನಿನ್ನದು. ನಿಲ್ಲದಿದ್ದರೆ ಹೂ ಸುರಿಸಿಕೊಂಡು ಇರು.

ನಾನು ಅರಕಲಗೂಡಿನ ಕಡೆಯಿಂದ ಪ್ರತಿ ವರ್ಷದಂತೆ ಬಿತ್ತನೆ ಬೀಜಕ್ಕೆ ಬಂದು ಮಗಳ ಮನೆಯಲ್ಲಿ ಉಳಿದಿದ್ದೆ. ಮೊಮ್ಮಗಳಿಗೆ ಕೂತಲ್ಲಿ ನಿಂತಲ್ಲಿ ನೆಲೆ ಇರಲಿಲ್ಲ. ಲಗ್ನಪತ್ರಿಕೆಯ ಹಿಂಬದಿಯಲ್ಲಿ ಗೀಚುವುದು, ಹೊಡೆದು ಹಾಕುವುದು, ಅನ್ನ ಕಲಸಿದ ಕೈಯಲ್ಲೇ ಎದ್ದು ಬಂದು ನನ್ನ ಮುಂದೆ ಓದುವುದು. ನಾನೋ ಓದಿದ್ದು ಮೂರನೇ ಕ್ಲಾಸು. ಅವಳು ಏನು ಓದಿದರೂ ನನಗೆ ಹೊಟ್ಟೆ ತುಂಬುತ್ತಿತ್ತು.

"ಬೋ ಚೆಂದಾಗದೆ ಕಣವ್ವ" ಎಂದೆ.

"ನಿಂಗೆ ಚೆಂದ ಕಂಡ್ರೆ ಏನ್ ಬಂತು ತಾತ? ನಾನು ರೇಷನ್ ಕಾರ್ಡ್ ಓದಿದ್ರೂ ನೀನು ಚೆಂದ ಅಂತೀಯ. ನಂಗೆ ನಾನ್ಯಾರು ಅಂತ ಗೊತ್ತಿಲ್ದಿರೋರು ಬೇಕು."

ಒಂದು ಸಲ ಅವಳು 'ಚಾಕುವನ್ನು ಔಷಧಿ ನೀರಿಗೆ ಅದ್ದಿ ಕತ್ತರಿಸಿ' ಎಂದು ಶುರು ಮಾಡಿದ್ದಳು. ನೇರವಾಗಿದೆ, ಇದೇ ಇರಲಿ ಎಂದೆ. ಸ್ವಲ್ಪ ಹೊತ್ತಿಗೆ ಅದನ್ನೂ ಹೊಡೆದು ಹಾಕಿದಳು. ಉತ್ತರವನ್ನು ಮೊದಲೇ ಕೊಟ್ಟರೆ ಅಷ್ಟನ್ನೇ ಕೇಳಿಕೊಂಡು ಹೊರಟುಬಿಡುತ್ತಾರೆ, ನೆರಳಿನಲ್ಲಿ ಒಣಗಿಸುವ ಮಾತು ಯಾರ ಕಿವಿಗೂ ಬೀಳುವುದಿಲ್ಲ ಎಂದಳು. ಕೊನೆಗೆ ಬರೆದದ್ದು, 'ಈ ವರ್ಷ ನಿಮ್ಮ ಆಲೂಗಡ್ಡೆ ಕೊಳೆಯುವುದೇ ಇಲ್ಲ. ಹೇಗೆ? ನೋಡಿ.' ಇದಕ್ಕೆ ಯಾರು ತಾನೇ ನಿಲ್ಲುವುದಿಲ್ಲ ಎಂದು ಅವಳಿಗೂ ಧೈರ್ಯ ಬಂತು.

ಮಾರನೆಯ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಟಿ.ವಿ. ಇಟ್ಟರು. ಲಾರಿಗಳು ಹಿಂದೆ ಮುಂದೆ ಆಡುತ್ತಿದ್ದವು, ಹಮಾಲಿಗಳು ಮೂಟೆ ಹೊತ್ತು ದಾರಿ ಬಿಡಿ ಎಂದು ಕೂಗುತ್ತಿದ್ದರು. ಆ ಗಲಾಟೆಯಲ್ಲಿ ತೀರ ಹತ್ತಿರ ನಿಂತವರಿಗೆ ಬಿಟ್ಟರೆ ಟಿ.ವಿ. ಮಾತೇ ಕೇಳಿಸಲಿಲ್ಲ. ಪರದೆಯ ಮೇಲೆ ಒಬ್ಬ ಮನುಷ್ಯ ನಿಂತು ಬಾಯಿ ಆಡಿಸುತ್ತಿದ್ದಾನೆ, ಅಷ್ಟೇ. ಜನ ಹಾಗೇ ಹೋಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಹೋಗುವವರ ಕೈ ಹಿಡಿದು, ಬನ್ನಿ ಸ್ವಾಮಿ, ನಮ್ಮ ಮೊಮ್ಮಗಳು ಮಾಡಿರೋದು, ಒಂದು ಚೂರು ನೋಡಿ ಎಂದೆ. ಶಾಂತಿಗ್ರಾಮದವರು ಸಿಕ್ಕರು, ಹೊಳೆನರಸೀಪುರದ ಬೀಗರ ಕಡೆಯವರು ಸಿಕ್ಕರು. ನೋಡನೋಡುತ್ತ ಟಿ.ವಿ. ಮುಂದೆ ಸಂತೆ ಸೇರಿತು. ನನ್ನ ಎದೆ ಉಬ್ಬಿತು.

ಮೊಮ್ಮಗಳು ದೂರದಲ್ಲಿ ನಿಂತು ಸಂತೋಷದಿಂದ ನೋಡುತ್ತಿದ್ದವಳು ನನ್ನ ಕೈ ಒಬ್ಬರ ತೋಳಿನ ಮೇಲಿರುವುದನ್ನು ಕಂಡಳು. ನೇರ ಬಂದಳು.

"ನೀನೇ ಹಿಡ್ಕೊಂಬಂದ್ಯ ಇವರನ್ನೆಲ್ಲ?"

"ನಿಂತ್ಕಂಡವ್ರಲ್ಲವ್ವ."

"ನಿನ್ ಮುಖ ನೋಡಿ ನಿಂತವ್ರೆ ತಾತ. ನೀನು ಬಿಟ್ ತಕ್ಷಣ ಓಯ್ತಾರೆ."

ಕೈ ಬಿಟ್ಟೆ. ಆ ಮನುಷ್ಯ ನಮಸ್ಕಾರ ಮಾಡಿ ಹೊರಟೇ ಹೋದ. ಉಳಿದವರಲ್ಲಿ ಕಟ್ಟಾಯದ ಕಡೆಯ ಒಬ್ಬರು ಟಿ.ವಿ.ಗೆ ಬೆನ್ನು ಹಾಕಿ, ಕೊಳೆಯದೇ ಇಲ್ವಂತೆ, ಮಳೆ ಹಿಡ್ಕಂಡು ಅಂಗಮಾರಿ ರೋಗ ಬಂದಾಗ ಈ ಟಿ.ವಿ. ಬಂದು ಕಾಯ್ತದ ಎಂದು ನಕ್ಕು ನಡೆದರು. ಅವರ ಹಿಂದೆ ಉಳಿದವರೂ ಚದುರಿದರು. ಮಂಡಿ ಯಜಮಾನರು ಗದ್ದುಗೆಯಿಂದಲೇ, ನಾಳೆ ನಮ್ಮ ತಂದೆಯವರ ಫೋಟೋ ಹಾಕಿಬಿಡಿ ಎಂದರು. ನಾಳೆ ಒಂದು ದಿನ ಕೊಡಿ ಸಾರ್ ಎಂದು ಇವಳು ಬೇಡಿಕೊಂಡಳು. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ಮಾರುಕಟ್ಟೆಯ ಉದ್ದಕ್ಕೂ ತಿರುಗಿದಳು, ನಾನು ಹಿಂದೆ ಹಿಂದೆ. ಏನು ಹುಡುಕುತ್ತಿದ್ದೀಯವ್ವ ಎಂದರೆ, ಜನ ತಾವಾಗೇ ಎಲ್ಲಿ ನಿಲ್ಲುತ್ತಾರೆ ಅಂತ ನೋಡುತ್ತಿದ್ದೇನೆ ಎಂದಳು. ಬೀಜ ಕೊಳ್ಳುವವರು ಮೂಟೆಯಿಂದ ಒಂದು ಗೆಡ್ಡೆ ತೆಗೆದು ಚಾಕುವಿನಿಂದ ಎರಡು ಹೋಳು ಮಾಡಿ ಒಳಗೆ ನೋಡುವುದು ನಮ್ಮಲ್ಲಿ ಮಾಮೂಲು. ಒಂದು ಅಂಗಡಿಯ ಮುಂದೆ ಯಾರೋ ಹಾಗೆ ಗೆಡ್ಡೆಗೆ ಚಾಕು ಇಟ್ಟರು. ಪಕ್ಕದಲ್ಲಿ ಹೋಗುತ್ತಿದ್ದವರು, ಅವರಿಗೂ ಆ ವ್ಯಾಪಾರಕ್ಕೂ ಸಂಬಂಧವಿಲ್ಲ, ನಿಂತು ಕತ್ತು ಚಾಚಿದರು. ಮೂಟೆ ಹೊತ್ತ ಹಮಾಲಿಯೂ ಒಂದು ಗಳಿಗೆ ನಿಂತ. ನಾನೂ ಬಗ್ಗಿದೆ. ಗೆಡ್ಡೆಯ ಒಳಗೆ ಏನಿದೆಯೋ ಎಂದು ತಿಳಿಯದೆ ಯಾರಿಗೂ ಕಾಲು ಮುಂದೆ ಹೋಗುವುದಿಲ್ಲ. ತಿರುಗಿ ನೋಡಿದರೆ ಮೊಮ್ಮಗಳು ಇಲ್ಲ. ಕ್ಯಾಮರಾ ತರಲು ಸ್ಟುಡಿಯೋಗೆ ಓಡಿದ್ದಳು.

ಸಂಜೆಯೊಳಗೆ ಹೊಸ ಶುರು ತಯಾರಾಯಿತು. ಮನುಷ್ಯರ ಮುಖವೇ ಇಲ್ಲ, ಸ್ವಾಗತವಿಲ್ಲ. ಪರದೆ ತುಂಬ ಒಂದು ಗೆಡ್ಡೆ. ಚಾಕು ಇಳಿಯುತ್ತದೆ. ಹೋಳು ಬಿಚ್ಚಿಕೊಂಡರೆ ಒಳಗೆ ಕಂದು ಉಂಗುರ. ಅದೇ ಚಾಕು, ಒರೆಸದೆ, ಪಕ್ಕದ ಒಳ್ಳೆಯ ಗೆಡ್ಡೆಯ ಮೇಲೆ ಬಂದು ನಿಲ್ಲುತ್ತದೆ. ಆಗ ದೊಡ್ಡ ಅಕ್ಷರದಲ್ಲಿ, ಸದ್ದು ಕೇಳಿಸದವರಿಗೂ ಕಾಣುವ ಹಾಗೆ, 'ಕತ್ತರಿಸಲೇ?' ಅಷ್ಟೇ. ಅದರ ಮೇಲೆ ಅವಳದೇ ದನಿ: "ಮಳೆಯಲ್ಲಿ ಬರುವ ಅಂಗಮಾರಿ ಬೇರೆ, ಅದನ್ನು ಈ ವಿಡಿಯೋ ತಡೆಯಲಾರದು. ಆದರೆ ಈ ಕೊಳೆ ನಮ್ಮ ಕೈಯಿಂದಲೇ ಗೆಡ್ಡೆಯಿಂದ ಗೆಡ್ಡೆಗೆ ಹೋಗುತ್ತದೆ. ಇದನ್ನು ತಡೆಯಲು ಮೂರು ಕೆಲಸ ಇದೆ. ಮೊದಲನೆಯದಕ್ಕೆ ಇನ್ನೊಂದು ಚಾಕು ಬೇಕು."

ಇಷ್ಟು ಹೇಳಿ ಅರ್ಧ ನಿಮಿಷ ಮುಗಿಯುತ್ತದೆ. ಇನ್ನೊಂದು ಚಾಕು ಯಾತಕ್ಕವ್ವ ಎಂದು ನಾನು ಕೇಳಿದೆ. ನಾಳೆ ನೋಡು ತಾತ ಎಂದು ನಕ್ಕಳು. ಎಷ್ಟೋ ದಿನದ ಮೇಲೆ ಆ ನಗು ಕಂಡೆ.

ಮಾರನೆಯ ದಿನ ನನ್ನನ್ನು ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಬಾಯಿ ಬಿಡಬೇಡ, ಯಾರ ಕೈಯನ್ನೂ ಹಿಡಿಯಬೇಡ ಎಂದು ಹೇಳಿ ಹೋದಳು. ಸ್ಟುಡಿಯೋ ಮಾಲೀಕನೂ ಬಂದು ಯಜಮಾನರ ಪಕ್ಕ ಕೂತ. ನನ್ನ ಟೀ ಆರಿತು. ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ, ಇಲ್ಲದಿದ್ದರೆ ಯಾರನ್ನಾದರೂ ಹಿಡಿದುಬಿಡುತ್ತಿದ್ದವು. ಮೊದಲು ಒಬ್ಬರು ನಿಲ್ಲದೆ ಹೋದರು. ಇನ್ನೊಬ್ಬರೂ ಹೋದರು. ಆಮೇಲೆ ಚಾಕು ಇಳಿಯುವ ಹೊತ್ತಿಗೆ ಸರಿಯಾಗಿ ಬಂದ ಒಬ್ಬ ಹೆಂಗಸು, ತಲೆಯ ಮೇಲೆ ಖಾಲಿ ಚೀಲದ ಕಟ್ಟು, ನಿಂತಳು. ಅವಳ ಹಿಂದೆ ಚನ್ನರಾಯಪಟ್ಟಣದ ಕಡೆಯ ಇಬ್ಬರು, ಆಮೇಲೆ ಮತ್ತಷ್ಟು ಜನ. ಒಬ್ಬರೂ ನನಗೆ ಗೊತ್ತಿಲ್ಲ. ಒಬ್ಬರೂ.

ಇನ್ನೊಂದು ಚಾಕು ಬೇಕು ಎಂದಿತು ಟಿ.ವಿ. ಅಷ್ಟಕ್ಕೆ ಕರೆಂಟು ಹೋಯಿತು.

ನಾನು ಎದ್ದು ನಿಂತುಬಿಟ್ಟೆ. ಮುಗಿಯಿತು, ಈಗ ಎಲ್ಲ ಹೊರಡುತ್ತಾರೆ ಎಂದುಕೊಂಡೆ. ಆದರೆ ಜನ ಕದಲಲಿಲ್ಲ. ಕಪ್ಪು ಪರದೆಯನ್ನೇ ನೋಡುತ್ತ ನಿಂತಿದ್ದರು.

"ಇನ್ನೊಂದ್ ಚಾಕು ಯಾಕಂತೆ?" ಎಂದಳು ಚೀಲದ ಹೆಂಗಸು.

"ಕೊಳೆತದ್ದಕ್ಕೊಂದು, ಒಳ್ಳೇದಕ್ಕೊಂದು ಇರ್ಬೇಕು ಕಣಕ್ಕ" ಎಂದ ಚನ್ನರಾಯಪಟ್ಟಣದವನು.

"ಕುಯ್ಯೋಕ್ ಮುಂಚೆ ಕೊಳೆತದ್ದು ಅಂತ ನಿಂಗೆಂಗ್ ಗೊತ್ತಾಯ್ತದ್ಲಾ?"

ಅವನ ಜೊತೆಗಾರ ನಕ್ಕ. ಇನ್ಯಾರೋ ಬೇರೊಂದು ಹೇಳಿದರು. ಯಜಮಾನರಿಗೆ ಇಷ್ಟು ಜನ ಸಿಕ್ಕಿದ್ದೇ ಸಾಕಾಯಿತು. ಎದ್ದು ಬಂದು ಕೈ ಜೋಡಿಸಿ, ಎಲ್ಲ ರೈತ ಬಾಂಧವರಿಗೆ ನಮ್ಮ ತಂದೆಯವರ ಕಾಲದಿಂದಲೂ ಎಂದು ಶುರು ಮಾಡಿದರು.

"ಅದಿರ್ಲಿ ಸಾ" ಎಂದಳು ಆ ಹೆಂಗಸು. "ಆ ಚಾಕು ವಿಚಾರ ಮೊದ್ಲು ಯೋಳ್ಸಿ. ನಂಗೆ ಬಸ್ಸದೆ."

ಯಜಮಾನರು ಮಾತು ನುಂಗಿಕೊಂಡು, ಒಳಗಿದ್ದ ಜನರೇಟರ್ ಹಾಕಿಸಿದರು. ವಿಡಿಯೋ ಮೊದಲಿಂದ ಶುರುವಾಯಿತು. ನೋಡಿದ್ದನ್ನೇ ಮತ್ತೆ ನೋಡಿದರು. ಒಂದು ಚಾಕು ಕತ್ತರಿಸುತ್ತಿರುವಾಗ ಇನ್ನೊಂದು ಔಷಧಿ ನೀರಿನಲ್ಲಿ ನೆನೆಯುತ್ತಿರಬೇಕು, ಗೆಡ್ಡೆಗೊಮ್ಮೆ ಅದಲು ಬದಲು ಮಾಡಬೇಕು ಎಂದು ಬಂದಾಗ ಹೆಂಗಸು ಹೂಂ ಎಂದು ತಲೆ ಆಡಿಸಿದಳು. ಹೋಳುಗಳಿಗೆ ಔಷಧಿ ಹಚ್ಚಿ, ನೆರಳಿನಲ್ಲಿ ಹರಡಿ, ಗಾಯ ಒಣಗಿದ ಮೇಲೆ ಬಿತ್ತಬೇಕು ಎನ್ನುವವರೆಗೂ ಇದ್ದು, ಆಮೇಲೆ ಬಸ್ಸಿಗೆ ಓಡಿದಳು.

ಕೊನೆಯಲ್ಲಿ ಮಂಡಿಯ ಹೆಸರೂ ಯಜಮಾನರ ತಂದೆಯ ಫೋಟೋವೂ ಬಂದವು. ನಿಂತಿದ್ದವರೆಲ್ಲ ಅದನ್ನೂ ನೋಡಿದರು. ಯಜಮಾನರು ಇದು ಇಲ್ಲೇ ಇರಲಿ ಎಂದರು. ಸ್ಟುಡಿಯೋ ಮಾಲೀಕ ಮೊಮ್ಮಗಳನ್ನು ಕರೆದು, ಹಾಲಿನ ಸಂಘದವರು ಕೆಚ್ಚಲು ಬಾವಿನ ಬಗ್ಗೆ ಒಂದು ವಿಡಿಯೋ ಕೇಳಿದ್ದಾರೆ, ನೀನೇ ಬರಿ ಎಂದ. ಮದುವೆಯ ಹೂವನ್ನು ಬೇರೆಯವರು ಸುರಿಸಲಿ ಎಂದೂ ಹೇಳಿದ.

ನಾನು ಓಡಿ ಹೋಗಿ ಅವಳ ತಲೆ ಸವರಿದೆ. ಅವಳು ಮಾತ್ರ ಟಿ.ವಿ.ಯ ಕಡೆಗೇ ನೋಡುತ್ತಿದ್ದಳು. ಹೊಸ ಜನ ಬಂದು ನಿಂತಿದ್ದರು, ಔಷಧಿಯ ಅಳತೆ ಹೇಳುವ ಕಡೆ ಒಬ್ಬ ಹೊರಟುಹೋದ.

"ನೋಡ್ದ ತಾತ, ಅಲ್ಲಿ ಎಳೀತದೆ. ಇವತ್ತೇ ಕತ್ತರಿಸ್ಬೇಕು" ಎಂದು ಸ್ಟುಡಿಯೋ ಕಡೆಗೆ ಹೊರಟೇ ಬಿಟ್ಟಳು.

ಬೀಜದ ಮೂಟೆ ಕೊಳ್ಳುವುದನ್ನೇ ನಾನು ಮರೆತಿದ್ದೆ. ಮತ್ತೆ ಹೋಗಿ ಕೊಂಡೆ. ಅವಳ ವಿಡಿಯೋ ಇನ್ನೂ ಓಡುತ್ತಲೇ ಇತ್ತು, ಪೂರ್ತಿ ನೋಡಿದೆ, ಮತ್ತೊಂದು ಸಲವೂ ನೋಡಿದೆ.