ಐದಾರು ಮಿಲಿಮೀಟರ್

ಮನುಷ್ಯ ಕಂಡುಕೊಂಡದ್ದರಲ್ಲೆಲ್ಲ ಸಂಖ್ಯೆಯಷ್ಟು ನಿಷ್ಪಕ್ಷಪಾತವಾದದ್ದು ಇನ್ನೊಂದಿಲ್ಲ. ಅರಸನಿಗೂ ಆಳಿಗೂ ಆರು ಎಂದರೆ ಆರೇ. ಇದು ಮದ್ದೂರಿನ ಆಚೆಗೆ ನಿಜವಿರಬಹುದು. ನಮ್ಮ ಕಡೆ ಸಂಖ್ಯೆ ಒಂಟಿಯಾಗಿ ಮನೆಯಿಂದ ಹೊರಡುವುದಿಲ್ಲ, ಜೊತೆಗೊಬ್ಬರು ಬೇಕು. ಎರಡ್ಮೂರು ಇಡ್ಲಿ, ನಾಕೈದು ಜನ, ಐದಾರು ಮೈಲಿ.

ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ಮಂಡ್ಯದಲ್ಲಿ ಕೂತು ಯಂತ್ರಗಳ ಕೈಪಿಡಿಗಳನ್ನು ಕನ್ನಡಕ್ಕೆ ತರುತ್ತಿದ್ದೆ. ಮದ್ದೂರಿನ ಹತ್ತಿರ ಒತ್ತಡದ ಟ್ಯಾಂಕುಗಳನ್ನು ಬೆಸುಗೆ ಹಾಕಿ ಕಟ್ಟುವ ಒಂದು ಕಾರ್ಖಾನೆಯಿಂದ ಕರೆ ಬಂತು. ಅಲ್ಟ್ರಾಸೋನಿಕ್ ಮತ್ತು ಡೈ ಪೆನೆಟ್ರೆಂಟ್ ತಪಾಸಣೆಯ ವಿಧಾನ ಕನ್ನಡದಲ್ಲಿ ಬೇಕಿತ್ತು. ಮೊದಲನೆಯದು ಶಬ್ದದ ಅಲೆ ಬಿಟ್ಟು ಬೆಸುಗೆಯ ಒಳಗನ್ನು ನೋಡುವುದು. ಎರಡನೆಯದು ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ, ಮೇಲ್ಮೈಯ ಸಂದಿಯಿಂದ ಕೆಂಪು ಒಸರುತ್ತದೆಯೇ ಎಂದು ಕಾಯುವುದು.

ಅವಸರಕ್ಕೆ ಕಾರಣ ಅಲ್ಲಿ ಬೆಸುಗೆ ತಪಾಸಣೆ ಮಾಡುತ್ತಿದ್ದ, ಯಲಿಯೂರಿನ ಒಬ್ಬ ಹಿರಿಯ ಇನ್ಸ್‌ಪೆಕ್ಟರು. ಟ್ಯಾಂಕು ಕೊಳ್ಳುವ ಕಂಪನಿಯವರು, ಲಿಖಿತ ಪರೀಕ್ಷೆ ಪಾಸಾಗದವರು ವರದಿಗೆ ಸಹಿ ಹಾಕುವಂತಿಲ್ಲ ಎಂದಿದ್ದರು. ಇಂಗ್ಲಿಷ್ ಪತ್ರಿಕೆಯಲ್ಲಿ ಇವರು ಒಮ್ಮೆ ಫೇಲಾಗಿದ್ದರು. ಉಳಿದದ್ದು ಇನ್ನೊಂದೇ ಅವಕಾಶ. ಕನ್ನಡದ ವಿಧಾನಕ್ಕೆ ಕೊಳ್ಳುವವರ ಒಪ್ಪಿಗೆ ಸಿಕ್ಕರೆ ಪತ್ರಿಕೆಯೂ ಕನ್ನಡದಲ್ಲಿ.

ನಾನು ದೋಷಗಳಿಗೆಲ್ಲ ಅಚ್ಚಕನ್ನಡದ ನಾಮಕರಣ ಮಾಡಿಕೊಂಡು ಹೋಗಿದ್ದೆ. ಇನ್ಸ್‌ಪೆಕ್ಟರು ಓದಿ ನಕ್ಕರು.

"ಮೇಷ್ಟ್ರೇ, ಬಿರುಕು ಅಂದ್ರೆ ಗೋಡೇಲೂ ಐತೆ, ನನ್ ಇಮ್ಮಡೀಲೂ ಐತೆ. ಕ್ರ್ಯಾಕ್ ಅಂತ್ಲೇ ಬುಡಿ."

ಬಿಟ್ಟೆ. ಕ್ರ್ಯಾಕ್, ಲೋಹ ಬೆರೆಯದೆ ಉಳಿದ ಲ್ಯಾಕ್ ಆಫ್ ಫ್ಯೂಷನ್, ಒಳಗೆ ಸಿಕ್ಕಿಬಿದ್ದ ಕಿಟ್ಟವಾದ ಸ್ಲ್ಯಾಗ್: ಒಂದು ದೋಷಕ್ಕೆ ಒಂದೇ ಹೆಸರು, ಮೊದಲ ಪುಟದಿಂದ ಕೊನೆಯವರೆಗೆ. ಅಳತೆಗಳನ್ನು ಎಣ್ಣೆದೀಪದಂತೆ ಕೈ ಮರೆಮಾಡಿ ದಾಟಿಸಿದೆ. ಅಲ್ಟ್ರಾಸೋನಿಕ್‌ನಲ್ಲಿ ಕ್ರ್ಯಾಕೋ ಲ್ಯಾಕ್ ಆಫ್ ಫ್ಯೂಷನ್ನೋ ಆದರೆ ಉದ್ದ ಎಷ್ಟೇ ಇರಲಿ, ತಿರಸ್ಕಾರ. ಹದಿನಾರು ಮಿಲಿಮೀಟರ್ ದಪ್ಪದ ಅವರ ತಗಡಿನಲ್ಲಿ ಸ್ಲ್ಯಾಗ್‌ನ ಪ್ರತಿಧ್ವನಿ ಹೋಲಿಕೆಗೆ ಗೊತ್ತುಮಾಡಿದ ರೆಫರೆನ್ಸ್ ಮಟ್ಟ ಮೀರಿ, ಉದ್ದವೂ 6 ಮಿ.ಮೀ. ಮೀರಿದರೆ ತಿರಸ್ಕಾರ. ಡೈ ಪೆನೆಟ್ರೆಂಟ್‌ನಲ್ಲಿ ದುಂಡನೆಯ ಗುರುತು 5 ಮಿ.ಮೀ. ಮೀರಬಾರದು. ಡೆವಲಪರ್ ಹಾಕಿದ ಮೇಲೆ ಹತ್ತರಿಂದ ಅರವತ್ತು ನಿಮಿಷದೊಳಗೆ ಅಂತಿಮ ತೀರ್ಮಾನ. ಇಡೀ ವಿಧಾನದಲ್ಲಿ 'ಇಂದ–ಒಳಗೆ' ಎಂಬ ಸಡಿಲಿಕೆ ಇದ್ದದ್ದು ಇಂಥ ಕಡೆ ಮಾತ್ರ.

ಇದಾದ ಮೇಲೆ ನನ್ನ ಪ್ರತಿ ಹೋದದ್ದು ಕ್ವಾಲಿಟಿ ವಿಭಾಗದ ಮುಖ್ಯಸ್ಥರ ಕೈಗೆ. ಮಳವಳ್ಳಿಯವರು, ಚಿಕ್ಕ ವಯಸ್ಸು, ದೊಡ್ಡ ಮನಸ್ಸು. ಅಪಾಯವಿದ್ದದ್ದು ಆ ಮನಸ್ಸಿನಲ್ಲಿಯೇ. ಒಪ್ಪಿಗೆಯ ದಿನ ಹೋದಾಗಲೇ ನನಗೆ ಗೊತ್ತಾದದ್ದು.

"ನಿಮ್ದು ಕೋರ್ಟ್ ನೋಟೀಸ್ ಇದ್ದಂಗಿತ್ತು ಸಾರ್. ನಮ್ ಇನ್ಸ್‌ಪೆಕ್ಟ್ರಣ್ಣಂಗೆ ಓದಕ್ಕೆ ಸಲೀಸಾಗ್ಲಿ ಅಂತ ವಸಿ ನಮ್ ಮಾತಿಗೆ ತಂದಿವ್ನಿ."

ತೆರೆದು ನೋಡಿದೆ. ಸ್ಲ್ಯಾಗ್ "ಐದಾರು ಮಿ.ಮೀ. ಮೀರಿದರೆ". ದುಂಡನೆಯ ಗುರುತು "ನಾಕೈದು". ದೋಷಗಳ ಹೆಸರುಗಳನ್ನು ಮಾತ್ರ ಮುಟ್ಟಿರಲಿಲ್ಲ.

"ಇದನ್ನ ಈಗಲೇ ವಾಪಸ್ ತಗೊಳ್ಳಿ," ಎಂದೆ.

"ಆಫೀಸರ್ ಬಂದು ಕೂತವ್ರೆ ಸಾರ್. ಅವ್ರೂ ಕನ್ನಡದೋರೆ, ಅರ್ಥ ಮಾಡ್ಕತಾರೆ ಬುಡಿ."

ಅರ್ಥ ಮಾಡಿಕೊಂಡರು, ಅದೇ ತೊಂದರೆಯಾಯಿತು. ಕೊಳ್ಳುವ ಕಂಪನಿಯ ಆ ಅಧಿಕಾರಿ ಎರಡು ಪುಟ ಹಿಂದೆ ಮುಂದೆ ತಿರುವಿ, ಕನ್ನಡಕ ತೆಗೆದು, ಎದುರಿಗೆ ನಿಂತಿದ್ದ ನಮ್ಮ ಹಿರಿಯ ಇನ್ಸ್‌ಪೆಕ್ಟರನ್ನೇ ಕೇಳಿದರು.

"ಸ್ಲ್ಯಾಗ್ ಆರೂವರೆ ಮಿಲಿಮೀಟರ್ ಇದೆ, ಎಕೋನೂ ಮಟ್ಟ ಮೀರಿದೆ ಅಂತ ಇಟ್ಕೊಳ್ಳಿ. ಪಾಸೋ, ರಿಜೆಕ್ಟೋ?"

ಕೆಲಸದಲ್ಲಿ ಕೇಳಿದ್ದರೆ ಅವರು ಸೀಮೆಸುಣ್ಣದಲ್ಲಿ ಗೆರೆ ಎಳೆದು ರಿಜೆಕ್ಟ್ ಎನ್ನುತ್ತಿದ್ದರು. ಆದರೆ ಅವರು ವಾರವಿಡೀ ಈ ತಿದ್ದಿದ ಪ್ರತಿಯನ್ನೇ ಭಕ್ತಿಯಿಂದ ಬಾಯಿಪಾಠ ಮಾಡಿದ್ದರು. ಮುಖ್ಯಸ್ಥರ ಮುಖ ನೋಡಿದರು, ನನ್ನ ಮುಖ ನೋಡಿದರು.

"ಐದಾರು ಅಂದ್ಮೇಲೆ... ಆರೂವರೆನೂ ಅದ್ರಲ್ಲೇ ಬತ್ತದಲ್ವಾ ಸಾ?"

ಅಧಿಕಾರಿ ಪ್ರತಿಯನ್ನು ಮುಚ್ಚಿದರು.

ನಾನು ಚೀಲದಿಂದ ನನ್ನ ಮೂಲ ಪ್ರತಿ ತೆಗೆದು ಮೇಜಿನ ಮೇಲಿಟ್ಟೆ. 6 ಎಂದರೆ 6 ಎಂದು ತೋರಿಸಿದೆ. ನಿವೃತ್ತ ಮೇಷ್ಟರ ಗಂಟಲು ಎಷ್ಟು ಏರಬಹುದೋ ಅಷ್ಟೂ ಏರಿತು. ಅಧಿಕಾರಿ ಸಮಾಧಾನವಾಗಿಯೇ ಓದಿ, "ಇದು ಸರಿಯಾಗಿದೆ. ಆದ್ರೆ ಫ್ಯಾಕ್ಟರಿ ನನಗೆ ಕಳಿಸಿದ್ದು ಇದಲ್ಲ. ಹೊಸದಾಗಿ ಸಲ್ಲಿಸ್ಲಿ, ಮುಂದಿನ ಪರಿಶೀಲನೇಲಿ ನೋಡೋಣ," ಎಂದರು. ಪರೀಕ್ಷೆ ಅದಕ್ಕಿಂತ ಮುಂಚೆ ಇತ್ತು.

ಹೊರಗೆ ಬಂದಾಗ ಮುಖ್ಯಸ್ಥರು, "ನಾನು ಒಳ್ಳೇದಕ್ಕೇ ಮಾಡ್ದೆ ಕಣಣ್ಣ," ಎಂದರು. "ಗೊತ್ತು ಬುಡ್ಲಾ," ಎಂದರು ಇನ್ಸ್‌ಪೆಕ್ಟರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಬೈಯಲು ಒಬ್ಬ ಕೆಟ್ಟವನೂ ಸಿಗದ ಸಿಟ್ಟು ಬಲು ಕಷ್ಟದ್ದು.

ಪರೀಕ್ಷೆ ಇಂಗ್ಲಿಷಿನಲ್ಲೇ ನಡೆಯಿತು. ಅವರು ಪಾಸಾಗಲಿಲ್ಲ. ತಪಾಸಣೆ ಬಿಟ್ಟು ಈಗ ಅವರು ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದಾರೆ.